ಎಲೆಕ್ಟ್ರಾನ್ ಕೊಟ್ಟದ್ದೇ ಬಂಧವಲ್ಲ: ಹತ್ತನೆಯ ತರಗತಿಗೆ ಮೂರು ಬಂಧಗಳ ಪಾಠ

ಪ್ರಶ್ನೆ: ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಅಯಾನಿಕ ಬಂಧವೆಂದರೆ ಕೊಡುವುದು-ತೆಗೆದುಕೊಳ್ಳುವುದು, ಸಹವೇಲೆನ್ಸೀಯ ಬಂಧವೆಂದರೆ ಹಂಚಿಕೊಳ್ಳುವುದು, ಲೋಹೀಯ ಬಂಧವೆಂದರೆ ಎಲೆಕ್ಟ್ರಾನ್‌ಗಳ ಸಮುದ್ರ ಎಂದು ಹೋಲಿಕೆ ಕೊಟ್ಟು ಪಾಠ ಮಾಡಿದೆ. ಮಕ್ಕಳು ಅದನ್ನು ಹಾಗೆಯೇ ಒಪ್ಪಿಸುತ್ತಾರೆ. ಆದರೆ ಕಾರ್ಡ್ ಕೊಟ್ಟು ವಿಂಗಡಿಸಿ ಎಂದರೆ ಸೂತ್ರವನ್ನಷ್ಟೇ ನೋಡಿ 'ಲೋಹ ಇದೆ, ಅಲೋಹ ಇದೆ, ಹಾಗಾಗಿ ಅಯಾನಿಕ' ಎನ್ನುತ್ತಾರೆ. ಮೇಣ ಬಿಸಿಗೆ ಬೇಗ ಕರಗುತ್ತದೆ, ಮರಳು ಕರಗುವುದಿಲ್ಲ, ಯಾಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. 45 ನಿಮಿಷದ ಎರಡು ಅವಧಿಗಳಿವೆ. ಪಾಠವನ್ನು ಹೇಗೆ ಕಟ್ಟಲಿ?

ಉತ್ತರ: ತೊಂದರೆ ಇರುವುದು ವಿಂಗಡಣೆಯಲ್ಲಲ್ಲ, ಅದಕ್ಕೂ ಮೊದಲು ಕೊಟ್ಟ ಹೋಲಿಕೆಯಲ್ಲಿ. 'ಕೊಟ್ಟಿತು', 'ಹಂಚಿಕೊಂಡಿತು' ಎನ್ನುವುದು ಎಲೆಕ್ಟ್ರಾನ್‌ಗೆ ಏನಾಯಿತು ಎಂಬ ಕಥೆ. ಪರಮಾಣುಗಳು ಒಂದಕ್ಕೊಂದು ಅಂಟಿ ನಿಂತದ್ದು ಯಾಕೆ ಎಂಬುದನ್ನು ಅದು ಹೇಳುವುದಿಲ್ಲ. ದ್ರವನಬಿಂದು, ವಿದ್ಯುತ್ ಹರಿಯುವುದು, ಪೆಟ್ಟು ಬಿದ್ದರೆ ಒಡೆಯುವುದು ಇವೆಲ್ಲ ಆ ಅಂಟಿಕೊಂಡಿರುವಿಕೆಯ ಫಲ. ಅದನ್ನು ವಿವರಿಸದ ಹೋಲಿಕೆಯಿಂದ ಮಗು ಮೇಣ ಮತ್ತು ಮರಳಿನ ವ್ಯತ್ಯಾಸವನ್ನು ಹೇಗೆ ಊಹಿಸಲು ಸಾಧ್ಯ?

ಆದ್ದರಿಂದ ಇಡೀ ಪಾಠವನ್ನು ಒಂದೇ ಮಾತಿನ ಮೇಲೆ ನಿಲ್ಲಿಸಿ: ಮೂರೂ ಬಂಧಗಳಲ್ಲಿ ಹಿಡಿದಿಡುವುದು ಧನ ಮತ್ತು ಋಣ ಆವೇಶಗಳ ನಡುವಿನ ಸೆಳೆತವೇ. ಯಾವುದು ಯಾವುದನ್ನು ಸೆಳೆಯುತ್ತದೆ, ಎಲ್ಲಿಯವರೆಗೆ ಸೆಳೆಯುತ್ತದೆ ಎಂಬುದಷ್ಟೇ ಬೇರೆ. ಮೊದಲ ಅವಧಿಯಲ್ಲಿ ಈ ಸೆಳೆತವನ್ನು ಮಕ್ಕಳೇ ನಿಂತು ತೋರಿಸಲಿ. ಎರಡನೆಯ ಅವಧಿಯಲ್ಲಿ ಸೂತ್ರವಿಲ್ಲದ ಕಾರ್ಡುಗಳನ್ನು ಗುಣಲಕ್ಷಣ ನೋಡಿ ವಿಂಗಡಿಸಲಿ.

ಮೊದಲ ಅವಧಿ: ಮಕ್ಕಳೇ ಹರಳಾಗುವುದು

ಹದಿನಾರು ಮಕ್ಕಳನ್ನು ನಾಲ್ಕು ಸಾಲು, ಸಾಲಿಗೆ ನಾಲ್ವರಂತೆ ನಿಲ್ಲಿಸಿ. ಒಬ್ಬರ ಕೈಗೆ +, ಪಕ್ಕದವರ ಕೈಗೆ − ಬರೆದ ಹಾಳೆ. ಚದುರಂಗದ ಮನೆಗಳ ಹಾಗೆ ಎಡಬಲಕ್ಕೂ ಹಿಂದುಮುಂದಕ್ಕೂ ಚಿಹ್ನೆ ಬದಲಾಗುತ್ತಿರಬೇಕು. ಇದು ಸೋಡಿಯಂ ಕ್ಲೋರೈಡ್. ಒಳಗೆ ನಿಂತ ಯಾವುದಾದರೂ ಮಗುವಿಗೆ ಕೇಳಿ: 'ನಿನ್ನನ್ನು ಎಷ್ಟು ಜನ ಎಳೆಯುತ್ತಿದ್ದಾರೆ?' ನಾಲ್ಕು ಎನ್ನುತ್ತದೆ. ಮೇಲೊಂದು, ಕೆಳಗೊಂದು ಪದರವಿದೆ ಎಂದು ಊಹಿಸಿಕೊಂಡರೆ ಆರು. ನಿಜವಾದ ಉಪ್ಪಿನ ಹರಳಿನಲ್ಲೂ ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಆರು ಅಯಾನುಗಳಿರುತ್ತವೆ. ಈಗ 'ಇದರಲ್ಲಿ NaCl ಅಣು ಯಾವುದು, ತೋರಿಸಿ' ಎನ್ನಿ. ಯಾವ ಜೋಡಿಯನ್ನು ತೋರಿಸಿದರೂ ಪಕ್ಕದ ಮಗು 'ನಾನೂ ಇದ್ದೇನಲ್ಲ' ಎನ್ನುತ್ತದೆ. NaCl ಎಂಬುದು ಅಣುವಿನ ಹೆಸರಲ್ಲ, ಒಂದಕ್ಕೊಂದು ಎಂಬ ಅನುಪಾತ ಎನ್ನುವುದು ಇಲ್ಲಿ ತಾನಾಗಿ ತಿಳಿಯುತ್ತದೆ.

ಮುಂದಿನ ಹೆಜ್ಜೆ ಪುಟ್ಟದು, ಆದರೆ ಬಿಡಬಾರದ್ದು. ಎರಡನೆಯ ಸಾಲಿನವರು ಮಾತ್ರ ಒಂದು ಸ್ಥಾನ ಬಲಕ್ಕೆ ಸರಿಯಲಿ. ತಕ್ಷಣ + ಎದುರು +, − ಎದುರು − ಬರುತ್ತದೆ. ಇನ್ನು ಸೆಳೆತವಿಲ್ಲ, ವಿಕರ್ಷಣೆ. ಸಾಲುಗಳು ದೂರ ಸರಿಯಬೇಕು. ಉಪ್ಪಿನ ಹರಳಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಅದು ಬಾಗದೆ ಸೀಳುವುದು ಇದಕ್ಕೇ.

ಎಲೆಕ್ಟ್ರಾನ್ ಕೊಡುವ ಮಾತನ್ನು ಪೂರ್ತಿ ಕೈಬಿಡಬೇಕಿಲ್ಲ, ಅದು ಅಯಾನು ಹೇಗಾಯಿತು ಎಂಬುದಕ್ಕೆ ಸರಿಯಾದ ಉತ್ತರ. ಆದರೆ ಬಂಧ ಅದಲ್ಲ ಎಂದು ತೋರಿಸಲು ಒಂದು ಪ್ರಶ್ನೆ ಸಾಕು. ಉಪ್ಪನ್ನು ನೀರಿನಲ್ಲಿ ವಿಲೀನಗೊಳಿಸಿ, ಮತ್ತೆ ಒಣಗಿಸಿದೆವು. ಈಗ ಹರಳಿನಲ್ಲಿರುವ ಸೋಡಿಯಂ ಅಯಾನು ಯಾವ ಕ್ಲೋರೈಡಿನ ಪಕ್ಕದಲ್ಲಿದೆ? ತನ್ನಿಂದ ಎಲೆಕ್ಟ್ರಾನ್ ಪಡೆದ ಹಳೆಯ ಕ್ಲೋರೈಡಿನ ಪಕ್ಕದಲ್ಲೇ ಇರಬೇಕೆಂದಿಲ್ಲ. ಆದರೂ ಬಂಧ ಮೊದಲಿನಷ್ಟೇ ಗಟ್ಟಿ. ಚೆನ್ನಾಗಿ ಓದುವ ಮಕ್ಕಳಿಗೆ ಶಕ್ತಿಯ ಲೆಕ್ಕವನ್ನೂ ಹೇಳಬಹುದು. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ಹೊರಬರುವುದು ಸುಮಾರು 349 ಮಾತ್ರ. ಅಂದರೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಒಂದೇ ನೋಡಿದರೆ 147 ಕಿಲೋಜೂಲ್ ನಷ್ಟ. ಅಯಾನುಗಳು ಹರಳಾಗಿ ಕೂಡಿದಾಗ ಸುಮಾರು 787 ಕಿಲೋಜೂಲ್ ಹೊರಬರುವುದರಿಂದಲೇ ಈ ನಷ್ಟ ತುಂಬಿಬರುತ್ತದೆ. 'ಸೋಡಿಯಂ ಎಲೆಕ್ಟ್ರಾನ್ ಕೊಡಲು ಇಷ್ಟಪಡುತ್ತದೆ' ಎಂಬ ಮಾತನ್ನು ಬೋರ್ಡಿನಿಂದ ಅಳಿಸಲು ಇಷ್ಟು ಸಾಕು.

ಲೋಹಕ್ಕೆ ಅದೇ ಹದಿನಾರು ಮಕ್ಕಳು, ಅದೇ ಸಾಲುಗಳು. ಈ ಸಲ ಎಲ್ಲರ ಕೈಯಲ್ಲೂ + ಹಾಳೆ. ಪ್ರತಿಯೊಬ್ಬರೂ ಒಂದು ಎಲೆಕ್ಟ್ರಾನ್ ಚೀಟಿಯನ್ನು ಮುಂದೆ ನೆಲಕ್ಕೆ ಹಾಕಲಿ, ಚೀಟಿಗಳನ್ನು ಸಾಲುಗಳ ನಡುವೆಲ್ಲ ಕಲಸಿಬಿಡಿ. ಈಗ ಯಾವ ಚೀಟಿ ಯಾರದು ಎಂದು ಹೇಳಲಾಗದು. ಆದರೆ ಹದಿನಾರು + ಇವೆ, ಹದಿನಾರು ಚೀಟಿಗಳಿವೆ, ಒಟ್ಟು ಆವೇಶ ಸೊನ್ನೆ. ಇದನ್ನು ಎಣಿಸಿಯೇ ತೋರಿಸಿ. ಇಲ್ಲದಿದ್ದರೆ 'ಲೋಹ ಧನ ಆವೇಶದ್ದು' ಎಂಬ ತಪ್ಪು ಕೆಲವರಲ್ಲಿ ಉಳಿಯುತ್ತದೆ. ಎರಡನೆಯ ಸಾಲನ್ನು ಮತ್ತೆ ಒಂದು ಸ್ಥಾನ ಸರಿಸಿ. ಏನೂ ಬದಲಾಗಲಿಲ್ಲ, ಎಲ್ಲರ ಸುತ್ತಲೂ ಮೊದಲಿನಂತೆಯೇ ಚೀಟಿಗಳಿವೆ. ತಾಮ್ರ ಬಡಿದರೆ ತಗಡಾಗುವುದು, ಉಪ್ಪು ಬಡಿದರೆ ಪುಡಿಯಾಗುವುದು, ಎರಡನ್ನೂ ಒಂದೇ ಚಲನೆಯಿಂದ ತೋರಿಸಿದಂತಾಯಿತು. ಒಂದು ತುದಿಯಿಂದ ಹೊಸ ಚೀಟಿ ತಳ್ಳಿ, ಇನ್ನೊಂದು ತುದಿಯಿಂದ ಒಂದನ್ನು ಎತ್ತಿಕೊಳ್ಳಿ: ಅದು ವಿದ್ಯುತ್ ಹರಿವು. ಪ್ರತಿ ಮಗು ಒಂದರ ಬದಲು ಎರಡು ಚೀಟಿ ಹಾಕಿದರೆ ಮೆಗ್ನೀಷಿಯಂ. ಆಗ ಕೈಯಲ್ಲಿರುವುದು 2+, ನಡುವೆ ಇರುವ ಋಣ ಆವೇಶವೂ ದುಪ್ಪಟ್ಟು. ಸೋಡಿಯಂ 98 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಮೆಗ್ನೀಷಿಯಂಗೆ 650 ಬೇಕು.

'ಸಮುದ್ರ' ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ. ಅಯಾನುಗಳು ಅದರಲ್ಲಿ ತೇಲುತ್ತವೆ ಎಂದು ಮಕ್ಕಳು ಚಿತ್ರ ಬರೆಯುತ್ತಾರೆ. ಘನ ಲೋಹದಲ್ಲಿ ಅಯಾನುಗಳು ತಮ್ಮ ಜಾಗ ಬಿಟ್ಟು ಅಲೆದಾಡುವುದಿಲ್ಲ, ಸಂಚರಿಸುವುದು ಎಲೆಕ್ಟ್ರಾನ್‌ಗಳು.

ಸಹವೇಲೆನ್ಸೀಯ ಬಂಧಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ, ಗೊಂದಲ ಜಾಸ್ತಿ ಇರುವುದು ಇಲ್ಲಿಯೇ. 'ಹಂಚಿಕೊಳ್ಳುವುದು' ಎಂದಾಗ ಮಕ್ಕಳ ತಲೆಯಲ್ಲಿ ಬರುವುದು ಸರದಿಯ ಮೇಲೆ ಬಳಸುವುದು. ಅದರ ಬದಲು ಇಬ್ಬರಿಗೆ ಒಂದು ಗಿಡ್ಡ ಹಗ್ಗ ಕೊಡಿ, ನಡುವೆ ಎರಡು ಎಲೆಕ್ಟ್ರಾನ್ ಚೀಟಿ ಕಟ್ಟಿರಲಿ. ಇಬ್ಬರೂ ಅದೇ ಹಗ್ಗವನ್ನು ಏಕಕಾಲಕ್ಕೆ ತಮ್ಮ ಕಡೆಗೆ ಎಳೆಯುತ್ತಾರೆ, ಆ ಎಳೆತವೇ ಇಬ್ಬರನ್ನೂ ಬೇರೆಯಾಗದಂತೆ ಹಿಡಿದಿದೆ. ಎರಡು ಧನ ನ್ಯೂಕ್ಲಿಯಸ್‌ಗಳು ನಡುವಿನ ಒಂದೇ ಎಲೆಕ್ಟ್ರಾನ್ ಜೋಡಿಯನ್ನು ಸೆಳೆಯುವುದು ಎಂದರೆ ಇದು. ಈ ಹೋಲಿಕೆಯ ಮಿತಿಯನ್ನೂ ಆಗಲೇ ಹೇಳಿಬಿಡಿ: ಹಗ್ಗ ಒಂದು ವಸ್ತು, ಬಂಧ ವಸ್ತುವಲ್ಲ. ಕಡ್ಡಿ-ಚೆಂಡಿನ ಮಾದರಿಯ ಕಡ್ಡಿಗೂ ಇದೇ ಮಾತು ಅನ್ವಯ.

ಹಗ್ಗ ಹಿಡಿದ ಎಂಟು ಜೋಡಿಗಳನ್ನು ಒತ್ತಾಗಿ ನಿಲ್ಲಿಸಿ, 'ಬಿಸಿ ಮಾಡುತ್ತಿದ್ದೇನೆ' ಎನ್ನಿ. ಜೋಡಿಗಳು ಒಂದರಿಂದೊಂದು ದೂರ ಸರಿಯುತ್ತವೆ, ಆದರೆ ಯಾರೂ ಹಗ್ಗ ಬಿಡುವುದಿಲ್ಲ. ಅಯೋಡಿನ್ 114 ಡಿಗ್ರಿಗೇ ಕರಗುವುದು ಅದರ ಸಹವೇಲೆನ್ಸೀಯ ಬಂಧ ದುರ್ಬಲ ಎಂದಲ್ಲ. ಅಲ್ಲಿ ಸೋತದ್ದು ಅಣು-ಅಣುಗಳ ನಡುವಿನ ಸೆಳೆತ, ಅಣುವಿನೊಳಗಿನ ಬಂಧ ಹಾಗೆಯೇ ಇದೆ. ಮೇಣದ್ದೂ ಇದೇ ಕಥೆ. ಆಮೇಲೆ ಪ್ರತಿ ಮಗುವೂ ಸುತ್ತಲಿನವರೆಲ್ಲರ ಹಗ್ಗ ಹಿಡಿಯುವಂತೆ ಮಾಡಿ. ಈಗ ಬಿಸಿ ಮಾಡಿದರೆ ದೂರ ಸರಿಯಲು ಹಗ್ಗವನ್ನೇ ಬಿಡಬೇಕು. ಇದು ಮರಳಿನ ಮುಖ್ಯ ಘಟಕವಾದ ಸಿಲಿಕಾನ್ ಡೈಆಕ್ಸೈಡ್: ಪ್ರತಿ ಸಿಲಿಕಾನ್‌ಗೆ ನಾಲ್ಕು ಆಕ್ಸಿಜನ್, ಪ್ರತಿ ಆಕ್ಸಿಜನ್‌ಗೆ ಎರಡು ಸಿಲಿಕಾನ್, ಎಲ್ಲಿಯೂ ಕೊನೆಯಾಗದ ಜಾಲ. ಕರಗಲು ಸುಮಾರು 1,700 ಡಿಗ್ರಿ ಬೇಕಾಗುವುದು ಅದಕ್ಕೆ. ಬಂಧ ಒಂದೇ ಬಗೆಯದು, ರಚನೆ ಬೇರೆ. ಬೋರ್ಡಿನ ಮೇಲೆ ಸಹವೇಲೆನ್ಸೀಯ ಎಂಬುದರ ಕೆಳಗೆ 'ಅಣು' ಮತ್ತು 'ಜಾಲ' ಎಂದು ಎರಡು ಕವಲು ಬರೆದು ಮೊದಲ ಅವಧಿ ಮುಗಿಸಿ.

ಎರಡನೆಯ ಅವಧಿ: ಸೂತ್ರವಿಲ್ಲದ ಕಾರ್ಡುಗಳು

ನಾಲ್ವರ ಗುಂಪಿಗೆ ಒಂದು ಕಟ್ಟು ಕಾರ್ಡ್. ಮುಂಬದಿಯಲ್ಲಿ ಹೆಸರಾಗಲಿ ಸೂತ್ರವಾಗಲಿ ಇರಬಾರದು, ಸಂಖ್ಯೆ ಮತ್ತು ಐದು ಸಂಗತಿಗಳು ಮಾತ್ರ: ದ್ರವನಬಿಂದು, ಘನವಾಗಿದ್ದಾಗ ವಿದ್ಯುತ್ ಹರಿಯುತ್ತದೆಯೇ, ದ್ರವವಾದಾಗ ಹರಿಯುತ್ತದೆಯೇ, ನೀರಿನಲ್ಲಿ ವಿಲೀನವಾಗುತ್ತದೆಯೇ ಮತ್ತು ಆ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆಯೇ, ಬಡಿದರೆ ಏನಾಗುತ್ತದೆ. ಕಾರ್ಡಿನಲ್ಲಿ 'ಕರಗುವುದು' ಎಂದು ಬರೆಯಬೇಡಿ. ಬಿಸಿಗೆ ಕರಗುವುದು, ನೀರಿನಲ್ಲಿ ಕರಗುವುದು ಎರಡೂ ಮಕ್ಕಳಿಗೆ ಒಂದೇ ಆಗಿ ಕೇಳಿಸುತ್ತವೆ. ಹೆಸರು ಮತ್ತು ಸೂತ್ರ ಹಿಂಬದಿಯಲ್ಲಿರಲಿ, ಅದರ ಮೇಲೊಂದು ಹಾಳೆ ಅಂಟಿಸಿ ಮುಚ್ಚಿ.

ಮೊದಲ ಸುತ್ತಿಗೆ ಎಂಟು ಕಾರ್ಡು ಸಾಕು. ಸೋಡಿಯಂ ಕ್ಲೋರೈಡ್ (801 ಡಿಗ್ರಿ), ಕ್ಯಾಲ್ಸಿಯಂ ಕ್ಲೋರೈಡ್ (772), ಮೆಗ್ನೀಷಿಯಂ ಆಕ್ಸೈಡ್ (ಸುಮಾರು 2,850) ಅಯಾನಿಕ. ತಾಮ್ರ (1,085) ಮತ್ತು ಪಾದರಸ (−39) ಲೋಹ. ಸಕ್ಕರೆ (ಸುಮಾರು 186, ಜೊತೆಗೇ ವಿಘಟನೆ), ಮೇಣ (ಸುಮಾರು 60), ಅಯೋಡಿನ್ (114) ಅಣುಗಳಿಂದಾದವು. ಪಾದರಸವನ್ನು ಬೇಕೆಂದೇ ಸೇರಿಸಿದ್ದು: 'ದ್ರವನಬಿಂದು ಕಡಿಮೆ, ಆದ್ದರಿಂದ ಸಹವೇಲೆನ್ಸೀಯ' ಎಂದು ಒಂದೇ ಸಾಕ್ಷ್ಯಕ್ಕೆ ತೀರ್ಪು ಕೊಡುವವರನ್ನು ಅದು ತಡೆಯುತ್ತದೆ. ಮೆಗ್ನೀಷಿಯಂ ಆಕ್ಸೈಡ್ ನೀರಿನಲ್ಲಿ ಹೆಚ್ಚುಕಡಿಮೆ ವಿಲೀನವಾಗುವುದೇ ಇಲ್ಲ, ಹಾಗಾಗಿ 'ಅಯಾನಿಕವೆಂದರೆ ನೀರಿನಲ್ಲಿ ವಿಲೀನ' ಎಂಬ ಸಿದ್ಧಸೂತ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲ ಐದು ನಿಮಿಷ ಬಂಧದ ಹೆಸರನ್ನೇ ಎತ್ತಬೇಡಿ. 'ನಿಮಗೆ ಸರಿ ಕಂಡಂತೆ ಗುಂಪು ಮಾಡಿ, ಆಧಾರ ಬರೆಯಿರಿ' ಎಂದಷ್ಟೇ ಹೇಳಿ. ಕೆಲವರು ದ್ರವನಬಿಂದುವಿನಿಂದ ವಿಂಗಡಿಸುತ್ತಾರೆ, ಕೆಲವರು ವಿದ್ಯುತ್ತಿನಿಂದ. ಎರಡು ಗುಂಪುಗಳ ವಿಂಗಡಣೆ ಹೊಂದದಿರುವುದನ್ನು ಅವರೇ ನೋಡಲಿ. ಆಮೇಲೆ ನಾಲ್ಕು ಮನೆಗಳ ಹಾಳೆ ಕೊಡಿ: ಅಯಾನಿಕ, ಸಹವೇಲೆನ್ಸೀಯ, ಲೋಹೀಯ, ಇನ್ನೂ ತೀರ್ಮಾನವಾಗಿಲ್ಲ. ನಾಲ್ಕನೆಯ ಮನೆ ಇಲ್ಲದಿದ್ದರೆ ಗೊತ್ತಿಲ್ಲದ ಕಾರ್ಡನ್ನು ಎಲ್ಲೋ ಒಂದು ಕಡೆ ತುರುಕುತ್ತಾರೆ, ಅವರ ಅನುಮಾನ ನಿಮಗೆ ಕಾಣುವುದೇ ಇಲ್ಲ. ಕಾರ್ಡು ಇಡಬೇಕಾದರೆ 'ಏಕೆಂದರೆ' ಎಂದು ಶುರುವಾಗುವ ಒಂದು ಚೀಟಿ ಬರೆಯಬೇಕು, ಅದರಲ್ಲಿ ಎರಡು ಸಾಕ್ಷ್ಯಗಳಿರಬೇಕು. ಈ ನಿಯಮದಲ್ಲಿ ಸಡಿಲ ಬೇಡ. ಇದಕ್ಕೆ ಹದಿನೈದು ನಿಮಿಷ.

ಒಂದೆರಡು ಸಾಕ್ಷ್ಯಗಳನ್ನು ಕಣ್ಣೆದುರೇ ತೋರಿಸುವುದಾದರೆ 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್ಇಡಿ, ಅದರೊಂದಿಗೆ ಸರಣಿಯಲ್ಲಿ 470 ಓಮ್ ರೋಧಕ, ಎರಡು ಪೆನ್ಸಿಲ್ ಸೀಸ ಸಾಕು. ರೋಧಕ ಬಿಟ್ಟರೆ ಎಲ್ಇಡಿ ಸುಡುತ್ತದೆ. 100 ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿಗೆ 5 ಗ್ರಾಂ ಉಪ್ಪು, ಇನ್ನೊಂದು ಲೋಟದಲ್ಲಿ ಅಷ್ಟೇ ನೀರಿಗೆ 5 ಗ್ರಾಂ ಸಕ್ಕರೆ. ನಲ್ಲಿ ನೀರು ಬಳಸಿದರೆ ಅದರಲ್ಲಿರುವ ಲವಣಗಳಿಂದಲೇ ಎಲ್ಇಡಿ ಮಂಕಾಗಿ ಬೆಳಗಬಹುದು, ಆಗ 'ಸಕ್ಕರೆಯೂ ಅಯಾನಿಕ' ಎಂಬ ತೀರ್ಪು ಬರುತ್ತದೆ. ಸಕ್ಕರೆಯನ್ನು ಮೊದಲು ಪರೀಕ್ಷಿಸಿ, ಉಪ್ಪನ್ನು ಆಮೇಲೆ. ಅದಲುಬದಲಾದರೆ ನಡುವೆ ಸೀಸಗಳನ್ನು ತೊಳೆಯಲೇಬೇಕು. ಉಪ್ಪಿನ ದ್ರಾವಣದಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ವಿದ್ಯುತ್ ಹರಿಸಬೇಡಿ, ಒಂದು ಸೀಸದ ಬಳಿ ಸ್ವಲ್ಪ ಕ್ಲೋರಿನ್ ಹುಟ್ಟುತ್ತದೆ. ಕಿಟಕಿ ತೆರೆದಿರಲಿ. ಒಣ ಉಪ್ಪಿನಲ್ಲಿ ವಿದ್ಯುತ್ ಹರಿಯದು ಎಂದು ತೋರಿಸುವಾಗ ಉಪ್ಪು ನಿಜವಾಗಿಯೂ ಒಣಗಿರಬೇಕು, ತೇವ ಹೀರಿದ್ದರೆ ಎಲ್ಇಡಿ ಮಿನುಗಬಹುದು. ಕರಗಿದ ಉಪ್ಪಿನ ಪರೀಕ್ಷೆ ತರಗತಿಯ ಕೆಲಸವಲ್ಲ. 801 ಡಿಗ್ರಿ ಎಂಬ ಅಂಕಿಯನ್ನು ಕಾರ್ಡಿನಲ್ಲೇ ಓದಿಕೊಳ್ಳಲಿ.

ಎಡವಿಸುವ ನಾಲ್ಕು ಕಾರ್ಡು

ಮೊದಲ ಸುತ್ತಿನ ಹಿಂಬದಿ ತೆರೆದ ಮೇಲೆ ಇನ್ನೂ ನಾಲ್ಕು ಕಾರ್ಡು ಹಂಚಿ: ಸಿಲಿಕಾನ್ ಡೈಆಕ್ಸೈಡ್, ಗ್ರಾಫೈಟ್, ಹೈಡ್ರೋಜನ್ ಕ್ಲೋರೈಡ್, ಅಲ್ಯೂಮಿನಿಯಂ ಕ್ಲೋರೈಡ್. ಮಕ್ಕಳ ಕಲಿಕೆ ಎಷ್ಟು ಗಟ್ಟಿ ಎಂದು ತಿಳಿಯುವುದು ಇಲ್ಲಿ.

ಸಿಲಿಕಾನ್ ಡೈಆಕ್ಸೈಡನ್ನು ದ್ರವನಬಿಂದು ನೋಡಿ ಅಯಾನಿಕ ಮನೆಗೆ ಇಡುವವರು ಸಿಗುತ್ತಾರೆ. ದ್ರವವಾದರೂ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದಿಲ್ಲ ಎಂಬ ಸಾಲಿಗೆ ಬೆರಳಿಟ್ಟು ತೋರಿಸಿದರೆ ಸಾಕು, ಹಗ್ಗದ ಜಾಲ ನೆನಪಿಗೆ ಬರುತ್ತದೆ. ಗ್ರಾಫೈಟನ್ನು ಲೋಹದ ಮನೆಗೆ ಇಡುತ್ತಾರೆ. ವಿದ್ಯುತ್ ಹರಿಯುತ್ತದೆ, ನಿಜ, ಆದರೆ ಬಡಿದರೆ ತಗಡಾಗದೆ ಪುಡಿಯಾಗುತ್ತದೆ. ಅದರಲ್ಲಿ ಪ್ರತಿ ಕಾರ್ಬನ್ ಮೂವರೊಂದಿಗಷ್ಟೇ ಬಂಧ ಮಾಡಿಕೊಂಡು, ಉಳಿದ ಒಂದು ಎಲೆಕ್ಟ್ರಾನ್ ಪದರದುದ್ದಕ್ಕೂ ಸಂಚರಿಸುತ್ತದೆ. ಹೈಡ್ರೋಜನ್ ಕ್ಲೋರೈಡಿನ ದ್ರಾವಣದಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಆದರೆ ಅದು −85 ಡಿಗ್ರಿಗೇ ಕುದಿಯುವ ಅನಿಲ, ಶುದ್ಧ ದ್ರವರೂಪದಲ್ಲಿ ವಾಹಕವಲ್ಲ. ಅಯಾನುಗಳು ಮೊದಲೇ ಇರಲಿಲ್ಲ, ನೀರಿನೊಂದಿಗೆ ವರ್ತಿಸಿದ ಮೇಲೆ ಹುಟ್ಟಿದವು.

ಅಲ್ಯೂಮಿನಿಯಂ ಕ್ಲೋರೈಡನ್ನು ಇಡೀ ತರಗತಿಯೊಂದಿಗೆ ನಿಧಾನವಾಗಿ ಬಿಡಿಸಿ. ಕಾರ್ಡಿನಲ್ಲಿರುವುದು: ಸಾಮಾನ್ಯ ಒತ್ತಡದಲ್ಲಿ ಸುಮಾರು 180 ಡಿಗ್ರಿಗೆ ಘನದಿಂದ ನೇರ ಆವಿಯಾಗುತ್ತದೆ, ಘನದಲ್ಲಿ ವಿದ್ಯುತ್ ಹರಿಯುವುದಿಲ್ಲ, ಒತ್ತಡ ಹಾಕಿ ದ್ರವ ಮಾಡಿದರೂ ಬಹಳ ಕಡಿಮೆ, ನೀರಿನ ದ್ರಾವಣದಲ್ಲಿ ಹರಿಯುತ್ತದೆ. ಮುಂಬದಿ ಮಾತ್ರ ನೋಡಿದ ಗುಂಪು ಅದನ್ನು ಅಣುಗಳ ಕಡೆಗೆ ಇಡುತ್ತದೆ. ಹಿಂಬದಿಯ ಸೂತ್ರ ತೆರೆದ ಕೂಡಲೇ 'ಲೋಹ, ಅಲೋಹ' ಎಂದು ಕೈ ಅಯಾನಿಕ ಮನೆಗೆ ಹೋಗುತ್ತದೆ. ಆಗ ಕೇಳಿ: ನೆರೆಯ ಮೆಗ್ನೀಷಿಯಂ ಕ್ಲೋರೈಡ್ 714 ಡಿಗ್ರಿಗೆ ಕರಗಿ ದ್ರವವಾದಾಗ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಇದೂ ಅದೇ ಬಗೆಯ ಅಯಾನು ಹರಳಾಗಿದ್ದರೆ 180 ಡಿಗ್ರಿಗೆ ಆವಿಯಾಗುತ್ತಿತ್ತೇ? ದ್ರವದಲ್ಲಿ ಅಯಾನುಗಳಿದ್ದರೆ ವಿದ್ಯುತ್ ಯಾಕೆ ಹರಿಯಲಿಲ್ಲ? ದ್ರವದಲ್ಲಿಯೂ ಅಷ್ಟೇನೂ ಬಿಸಿಯಲ್ಲದ ಆವಿಯಲ್ಲಿಯೂ ಅದು ಮುಖ್ಯವಾಗಿ Al₂Cl₆ ಅಣುಗಳಾಗಿರುತ್ತದೆ. ನೀರಿನಲ್ಲಿ ಹುಟ್ಟುವ ಅಯಾನುಗಳು ನೀರಿನೊಂದಿಗಿನ ವರ್ತನೆಯ ಫಲ, ಹೈಡ್ರೋಜನ್ ಕ್ಲೋರೈಡಿನಂತೆಯೇ. ಚಿಕ್ಕದಾದ, ಮೂರು ಧನ ಆವೇಶದ ಅಲ್ಯೂಮಿನಿಯಂ ಅಯಾನು ಪಕ್ಕದ ಕ್ಲೋರೈಡಿನ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಷ್ಟು ಸೆಳೆಯುತ್ತದೆ ಎಂದರೆ ಅವು ಇಬ್ಬರ ನಡುವಿನ ಜೋಡಿಯಂತೆ ಆಗಿಬಿಡುತ್ತವೆ. ಲೋಹ-ಅಲೋಹ ನಿಯಮ ಸುಳ್ಳೆಂದಲ್ಲ, ಅದು ಮೊದಲ ಊಹೆಗೆ ಒಳ್ಳೆಯದು. ತೀರ್ಪು ಕೊಡಬೇಕಾದದ್ದು ಸಾಕ್ಷ್ಯ.

ಯಾರಾದರೂ ವಿದ್ಯುದೃಣತೆಯ ವ್ಯತ್ಯಾಸ 1.7ಕ್ಕಿಂತ ಹೆಚ್ಚಾದರೆ ಅಯಾನಿಕ ಎಂಬ ಗಡಿ ತಂದರೆ, ಹೈಡ್ರೋಜನ್ ಫ್ಲೋರೈಡನ್ನು ಮುಂದಿಡಿ. ವ್ಯತ್ಯಾಸ ಸುಮಾರು 1.78, ಆದರೂ ಅದು ಅಣುಗಳಿಂದಾದ ಪದಾರ್ಥ. ಈ ತರಗತಿಯಲ್ಲಿ ಆ ಸಂಖ್ಯೆಯನ್ನು ಕಲಿಸದಿರುವುದೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸಿಕ್ಕಿದ ಮೇಲೆ ಕಾರ್ಡಿನ ಉಳಿದ ಸಾಲುಗಳನ್ನು ಯಾರೂ ಓದುವುದಿಲ್ಲ.

ಕೊನೆಯ ಏಳೆಂಟು ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಬರೆಯಲಿ. ಮೂರು ಹೊಸ ಪದಾರ್ಥ, ಹೆಸರಿಲ್ಲದೆ. 'ಕ' 734 ಡಿಗ್ರಿಗೆ ಕರಗುತ್ತದೆ, ಘನದಲ್ಲಿ ವಾಹಕವಲ್ಲ, ದ್ರವದಲ್ಲಿ ವಾಹಕ. 'ಖ' 115 ಡಿಗ್ರಿ, ಎರಡರಲ್ಲೂ ವಾಹಕವಲ್ಲ. 'ಗ' 232 ಡಿಗ್ರಿ, ಎರಡರಲ್ಲೂ ವಾಹಕ. ಇವು ಪೊಟ್ಯಾಸಿಯಂ ಬ್ರೋಮೈಡ್, ಗಂಧಕ, ತವರ. ಬಂಧದ ಹೆಸರಿನ ಜೊತೆ ಇನ್ನೊಂದನ್ನೂ ಬರೆಯಬೇಕು: ಇದು ಕರಗುವಾಗ ಯಾವುದರ ನಡುವಿನ ಸೆಳೆತ ಸೋಲುತ್ತದೆ? 'ಖ'ಗೆ 'ಅಣುಗಳ ನಡುವಿನದು' ಎಂದು ಬರೆದವರಿಗೆ ಪಾಠ ತಲುಪಿದೆ. 'ಸಹವೇಲೆನ್ಸೀಯ ಬಂಧ ಮುರಿಯುತ್ತದೆ' ಎಂದು ಬರೆದವರು ಹೆಸರನ್ನು ಸರಿಯಾಗಿಯೇ ಗುರುತಿಸಿದ್ದರೂ, ಮುಂದಿನ ತರಗತಿಯ ಆರಂಭದಲ್ಲಿ ಅವರ ಕೈಗೆ ಹಗ್ಗ ಕೊಟ್ಟು ಇನ್ನೊಮ್ಮೆ ಜೋಡಿಯಾಗಿ ನಿಲ್ಲಿಸಿ, ಬಿಸಿ ಮಾಡಿ. 'ಗ'ಯನ್ನು ದ್ರವನಬಿಂದು ಕಡಿಮೆ ಎಂದು ಅಣುಗಳ ಗುಂಪಿಗೆ ಸೇರಿಸಿದವರಿಗೆ ಪಾದರಸದ ಕಾರ್ಡನ್ನು ಮತ್ತೆ ಓದಲು ಕೊಡಿ.